ಕೋಡ್ ಬರೆದವರು ತಮ್ಮ ಬಗ್ಗೆ ಬರೆಯುವಾಗ

ಲಿಂಕ್ಡ್‌ಇನ್ ಪ್ರೊಫೈಲಿನಲ್ಲಿ ಹೆಸರು, ಫೋಟೋ, ಹುದ್ದೆಯ ಕೆಳಗೆ ‘ಅಬೌಟ್’ ಎಂಬ ಜಾಗವೊಂದಿದೆ. ನಿಮ್ಮ ಬಗ್ಗೆ ನೀವೇ ಬರೆದುಕೊಳ್ಳುವ ಜಾಗ. 2,600 ಅಕ್ಷರಗಳಿಗಿಂತ ಹೆಚ್ಚು ಅಲ್ಲಿ ಹಿಡಿಯುವುದಿಲ್ಲ. ಹತ್ತು ಹನ್ನೆರಡು ವರ್ಷ ಸಾಫ್ಟ್‌ವೇರ್ ಇಂಜಿನಿಯರ್ ಆಗಿ ದುಡಿದು ಈಗ ಪ್ರಾಡಕ್ಟ್ ಮ್ಯಾನೇಜರ್ ಆಗಲು ಹೊರಟವರಿಗೆ ಈ ಪುಟ್ಟ ಜಾಗ ತುಂಬುವುದೇ ದೊಡ್ಡ ತಲೆನೋವು. ಕೈಯಲ್ಲಿರುವ ಅನುಭವವೆಲ್ಲ ಒಂದು ಕೆಲಸದ್ದು, ಬೇಕಾಗಿರುವುದು ಇನ್ನೊಂದು ಕೆಲಸ. ಹೊಸಬರೆಂದು ಹೇಳಿಕೊಂಡರೆ ಹನ್ನೊಂದು ವರ್ಷ ನೀರಿಗೆ ಹೋದಂತೆ ಅನಿಸುತ್ತದೆ. ಅನುಭವಿ ಎಂದರೆ ‘ಯಾವುದರಲ್ಲಿ?’ ಎಂಬ ಪ್ರಶ್ನೆ ಬರುತ್ತದೆ.

ಬೆಂಗಳೂರಿನ ಸ್ನೇಹಿತರು ಇಂಥ ಬರಹಗಳನ್ನು ನೋಡಿಕೊಡಿ ಎಂದು ಕಳಿಸುತ್ತಿರುತ್ತಾರೆ. ಹೆಚ್ಚಿನವು ಒಂದೇ ಅಚ್ಚಿನವು. “ಹನ್ನೊಂದು ವರ್ಷಗಳ ಅನುಭವವಿರುವ, ಫಲಿತಾಂಶಕ್ಕೆ ಬದ್ಧಳಾದ ಇಂಜಿನಿಯರ್. ಜಾವಾ, ಸ್ಪ್ರಿಂಗ್ ಬೂಟ್, ಕಾಫ್ಕಾಗಳಲ್ಲಿ ಪರಿಣತಿ. ತಂತ್ರಜ್ಞಾನ ಮತ್ತು ವ್ಯವಹಾರ ಎರಡನ್ನೂ ಬಲ್ಲೆ. ಬಳಕೆದಾರರ ಬಗ್ಗೆ ಅಪಾರ ಕಾಳಜಿ. ಪ್ರಾಡಕ್ಟ್ ಮ್ಯಾನೇಜ್‌ಮೆಂಟ್‌ನಲ್ಲಿ ಹೊಸ ಸವಾಲುಗಳಿಗಾಗಿ ಎದುರು ನೋಡುತ್ತಿದ್ದೇನೆ.” ಇದರಲ್ಲಿ ಸುಳ್ಳು ಒಂದೂ ಇಲ್ಲ. ಆದರೆ ಓದಿದವರಿಗೆ ಇದರಿಂದ ಸಿಗುವುದೂ ಏನಿಲ್ಲ. ಹೆಸರು ತೆಗೆದು ಪಕ್ಕದ ಕುರ್ಚಿಯವರ ಹೆಸರು ಹಾಕಿದರೂ ಇದು ಹಾಗೆಯೇ ಹೊಂದುತ್ತದೆ. ಕಾಳಜಿ ಇದೆ ಎಂದಿದ್ದಾರೆ, ಆ ಕಾಳಜಿ ಯಾವತ್ತು ಏನು ಮಾಡಿಸಿತು ಎಂದು ಹೇಳಿಲ್ಲ.

ಇದನ್ನು ಸರಿಮಾಡುವ ಮೊದಲು, ಓದುವವರು ಇಲ್ಲಿಗೆ ಹೇಗೆ ಬಂದು ಮುಟ್ಟುತ್ತಾರೆ ಎಂದು ತಿಳಿದಿರಬೇಕು. ರಿಕ್ರೂಟರ್ ಬರುವುದು ಹುಡುಕಾಟದ ದಾರಿಯಿಂದ. ಹುದ್ದೆಯ ಹೆಸರು, ಊರು, ಎಷ್ಟು ವರ್ಷದ ಅನುಭವ, ಯಾವ ಕೌಶಲ ಎಂದು ಜರಡಿ ಹಾಕಿದಾಗ ಅವರ ಮುಂದೆ ಉದ್ದನೆಯ ಪಟ್ಟಿ ಬರುತ್ತದೆ. ಪಟ್ಟಿಯಲ್ಲಿ ಎದ್ದು ಕಾಣುವುದು ಹೆಸರು, ಹೆಸರಿನ ಕೆಳಗಿನ ಹೆಡ್‌ಲೈನ್, ಈಗಿನ ಹುದ್ದೆ. ಅಬೌಟ್ ಓದಬೇಕಾದರೆ ಅವರು ಪ್ರೊಫೈಲ್ ತೆರೆಯಬೇಕು. ತೆರೆದ ಮೇಲೂ ಅಬೌಟ್‌ನ ಮೊದಲ ಮೂರು ನಾಲ್ಕು ಸಾಲು ಮಾತ್ರ ಕಾಣುತ್ತದೆ, ಉಳಿದದ್ದು ‘ಇನ್ನಷ್ಟು’ ಎಂಬುದನ್ನು ಒತ್ತಿದರೆ ಬಿಚ್ಚಿಕೊಳ್ಳುತ್ತದೆ. ಒಂದು ಹುದ್ದೆಗೆ ನೂರಾರು ಪ್ರೊಫೈಲ್ ನೋಡುವವರು ಅದನ್ನು ಒತ್ತಬೇಕಾದರೆ ಆ ಮೂರು ಸಾಲಿನಲ್ಲಿ ಕಾರಣ ಸಿಗಬೇಕು. ‘ಫಲಿತಾಂಶಕ್ಕೆ ಬದ್ಧಳಾದ’ ಎಂಬುದು ಆ ಕಾರಣ ಅಲ್ಲ.

ಇಲ್ಲಿ ಒಂದು ಕಹಿ ಸಂಗತಿಯನ್ನೂ ಹೇಳಬೇಕು. ಪ್ರಾಡಕ್ಟ್ ಮ್ಯಾನೇಜರ್ ಬೇಕಾದಾಗ ಬಹಳಷ್ಟು ರಿಕ್ರೂಟರ್‌ಗಳು ಈಗಾಗಲೇ ಆ ಹೆಸರಿನ ಹುದ್ದೆಯಲ್ಲಿ ಇರುವವರನ್ನೇ ಹುಡುಕುತ್ತಾರೆ. ಆ ಜರಡಿಯಲ್ಲಿ ಇಂಜಿನಿಯರ್ ಬೀಳುವುದೇ ಇಲ್ಲ, ಅಬೌಟ್ ಎಷ್ಟು ಚೆನ್ನಾಗಿದ್ದರೂ ಸರಿ. ಹಾಗಾಗಿ ಹುದ್ದೆ ಬದಲಿಸುವವರ ಅಬೌಟ್ ಹೆಚ್ಚಾಗಿ ಕೆಲಸಕ್ಕೆ ಬರುವುದು ಎರಡನೆಯ ದಾರಿಯಲ್ಲಿ. ಹಳೆಯ ಸಹೋದ್ಯೋಗಿಯೊಬ್ಬರು ತಮ್ಮ ಕಂಪನಿಯ ಪ್ರಾಡಕ್ಟ್ ಮುಖ್ಯಸ್ಥರಿಗೆ “ಇವರನ್ನು ಒಮ್ಮೆ ನೋಡಿ” ಎಂದು ಕೊಂಡಿ ಕಳಿಸುತ್ತಾರೆ. ಆ ಮುಖ್ಯಸ್ಥರೋ, ತಂಡದ ಇನ್ನೊಬ್ಬ ಪ್ರಾಡಕ್ಟ್ ಮ್ಯಾನೇಜರೋ ಮೊಬೈಲಿನಲ್ಲಿ ಪ್ರೊಫೈಲ್ ತೆರೆಯುತ್ತಾರೆ. ಇವರು ಪದ ಹುಡುಕುವುದಿಲ್ಲ. ತಾವು ದಿನವೂ ಮಾಡುವ ಕೆಲಸ ಏನೆಂದು ಅವರಿಗೆ ಗೊತ್ತು, ಆ ಕೆಲಸದ ಸುಳಿವು ಈ ಮನುಷ್ಯರಲ್ಲಿ ಇದೆಯೇ ಎಂದು ನೋಡುತ್ತಾರೆ. ಅಂದರೆ ಒಂದೇ ಬರಹ ಇಬ್ಬರಿಗೆ ಸಲ್ಲಬೇಕು. ರಿಕ್ರೂಟರ್‌ಗೆ ಬೇಕಾದ ಪದಗಳು ಅದರಲ್ಲಿ ಇರಬೇಕು, ಅದೇ ಕಸುಬಿನವರಿಗೆ ಬೇಕಾದ ಸಾಕ್ಷ್ಯವೂ ಇರಬೇಕು.

ಆ ಸಾಕ್ಷ್ಯ ಎಂಥದ್ದು? ಏನು ಕಟ್ಟಬೇಕು, ಯಾರಿಗಾಗಿ, ಯಾವುದು ಮೊದಲು, ಯಾವುದು ಈಗ ಬೇಡ ಎಂದು ತೀರ್ಮಾನಿಸಿ, ಆ ತೀರ್ಮಾನಕ್ಕೆ ಉಳಿದವರನ್ನು ಒಪ್ಪಿಸಿ, ಕೊನೆಗೆ ಅದರಿಂದ ಏನಾಯಿತೆಂದು ಅಳೆಯುವುದು ಪ್ರಾಡಕ್ಟ್ ಮ್ಯಾನೇಜರ್ ಕೆಲಸ. ತೀರ್ಮಾನವಾದದ್ದನ್ನು ಹೇಗೆ ಕಟ್ಟಬೇಕೆಂಬುದು ಇಂಜಿನಿಯರ್ ಕೆಲಸ. ಈ ಕಸುಬಿನ ಬೇರನ್ನು ಹುಡುಕುವವರು ಸಾಮಾನ್ಯವಾಗಿ 1931ರ ಒಂದು ಟಿಪ್ಪಣಿಗೆ ಹೋಗಿ ನಿಲ್ಲುತ್ತಾರೆ. ಅಮೆರಿಕದ ಪ್ರಾಕ್ಟರ್ ಅಂಡ್ ಗ್ಯಾಂಬಲ್ ಕಂಪನಿಯಲ್ಲಿ ಕ್ಯಾಮೇ ಸೋಪಿನ ಜಾಹೀರಾತು ನೋಡಿಕೊಳ್ಳುತ್ತಿದ್ದ ನೀಲ್ ಮೆಕ್‌ಎಲ್ರಾಯ್, ಒಂದೊಂದು ಬ್ರ್ಯಾಂಡಿಗೂ ಅದನ್ನೇ ನೋಡಿಕೊಳ್ಳುವ ಜನ ಬೇಕು ಎಂದು ಆ ವರ್ಷದ ಮೇ ತಿಂಗಳಲ್ಲಿ ಮೂರು ಪುಟದ ಟಿಪ್ಪಣಿ ಬರೆದರು. ಆ ಟಿಪ್ಪಣಿಯಲ್ಲಿ ಗುಣವಾಚಕಗಳು ಕಡಿಮೆ. ಆ ಜನ ಏನು ಮಾಡಬೇಕೆಂದು ಕ್ರಮವಾಗಿ ಹೇಳಿದೆ. ಯಾವ ಪ್ರದೇಶದಲ್ಲಿ ಮಾಲು ಎಷ್ಟು ಹೋಗುತ್ತಿದೆ ಎಂದು ನೋಡಬೇಕು. ಚೆನ್ನಾಗಿ ಹೋಗುವ ಕಡೆ ಏಕೆ ಹೋಗುತ್ತಿದೆ ಎಂದು ತಿಳಿಯಬೇಕು. ಹೋಗದ ಕಡೆ ಖುದ್ದಾಗಿ ಹೋಗಿ ಅಂಗಡಿಯವರನ್ನೂ ಕೊಳ್ಳುವವರನ್ನೂ ಕಂಡು ತೊಡಕು ಎಲ್ಲಿದೆ ಎಂದು ಪತ್ತೆ ಮಾಡಬೇಕು. ಆಮೇಲೆ ಪರಿಹಾರದ ಯೋಜನೆ ಮಾಡಿ, ಅದಕ್ಕೆ ಹಣ ಕೇಳಿ, ಫಲ ಸಿಕ್ಕಿತೇ ಎಂದು ದಾಖಲೆ ಇಡಬೇಕು. ತೊಡಕು ಕಂಡದ್ದು, ಖುದ್ದಾಗಿ ಹೋಗಿ ನೋಡಿದ್ದು, ಆರಿಸಿದ್ದು, ಅಳೆದದ್ದು. ಇವತ್ತಿಗೂ ಈ ಕಸುಬಿನವರು ಇನ್ನೊಬ್ಬರಲ್ಲಿ ಹುಡುಕುವುದು ಈ ನಾಲ್ಕನ್ನೇ. ಹುದ್ದೆಯ ಹೆಸರು ಇಂಜಿನಿಯರ್ ಆಗಿದ್ದಾಗಲೂ ಒಮ್ಮೆಯಾದರೂ ಈ ನಾಲ್ಕನ್ನೂ ಮಾಡಿದವರ ಬಳಿ ಬರೆಯಲು ಸರಕಿದೆ.

ಒಂದು ಉದಾಹರಣೆಯನ್ನು ಪೂರ್ತಿಯಾಗಿ ನೋಡೋಣ. ಇದು ಯಾರೊಬ್ಬರ ಕಥೆಯೂ ಅಲ್ಲ, ಈ ಕ್ಷೇತ್ರದಲ್ಲಿ ನಡೆಯುವಂಥದ್ದನ್ನು ಇಟ್ಟುಕೊಂಡು ಕಟ್ಟಿದ್ದು. ಅಂಕಿಗಳು ಕೂಡ ಲೆಕ್ಕ ತೋರಿಸಲು ಮಾಡಿಕೊಂಡವು. ಬೆಂಗಳೂರಿನ ಒಂದು ಪೇಮೆಂಟ್ ಕಂಪನಿ. ಕಿರಾಣಿ ಅಂಗಡಿ, ಬೇಕರಿ, ಔಷಧಿ ಅಂಗಡಿಗಳು ಯುಪಿಐ ಮೂಲಕ ಹಣ ತೆಗೆದುಕೊಳ್ಳಲು ಅದರ ಆ್ಯಪ್ ಬಳಸುತ್ತವೆ. ನಮ್ಮ ಇಂಜಿನಿಯರ್ ಅಲ್ಲಿ ಸೆಟಲ್‌ಮೆಂಟ್ ತಂಡದಲ್ಲಿದ್ದಾಳೆ. ದಿನವಿಡೀ ಗಿರಾಕಿಗಳು ಕೊಟ್ಟ ಹಣವನ್ನು ಒಟ್ಟು ಮಾಡಿ ಮರುದಿನ ಬೆಳಿಗ್ಗೆ ಅಂಗಡಿಯವರ ಬ್ಯಾಂಕ್ ಖಾತೆಗೆ ಹಾಕುವುದೇ ಸೆಟಲ್‌ಮೆಂಟ್. ಆ ಲೆಕ್ಕ ತೋರಿಸುವ ಪುಟ ತೆರೆಯಲು ಎಂಟು ಸೆಕೆಂಡ್ ಬೇಕಾಗುತ್ತಿತ್ತು. ಅದನ್ನು ಎರಡು ಸೆಕೆಂಡಿಗೆ ಇಳಿಸು ಎಂಬುದು ಆಕೆಗೆ ವಹಿಸಿದ ಕೆಲಸ.

ಆಕೆ ಕೆಲಸ ಶುರು ಮಾಡುವ ಮೊದಲು ಸಹಾಯವಾಣಿಗೆ ಬಂದ ದೂರುಗಳನ್ನು ಓದಲು ಕುಳಿತಳು. ಪುಟ ನಿಧಾನ ಎಂದು ದೂರಿದವರು ತೀರಾ ಕಡಿಮೆ. ಹೆಚ್ಚಿನವರ ದೂರು “ನಿನ್ನೆಯ ಹಣ ಕಡಿಮೆ ಬಂದಿದೆ” ಎಂಬುದು. ಕಂಪನಿಯ ಲೆಕ್ಕದಲ್ಲಿ ಒಂದು ರೂಪಾಯಿಯೂ ಕಡಿಮೆ ಇರಲಿಲ್ಲ. ಹಾಗಿದ್ದರೆ ಅಂಗಡಿಯವರಿಗೆ ಏಕೆ ಕಡಿಮೆ ಕಾಣುತ್ತದೆ? ಮೈಸೂರಿನ ಒಂದು ಬೇಕರಿಗೆ ಹೋಗಿ, ರಾತ್ರಿ ಬಾಗಿಲು ಹಾಕುವ ಹೊತ್ತಿಗೆ ಮಾಲೀಕರು ಲೆಕ್ಕ ಹಾಕುವುದನ್ನು ಪಕ್ಕದಲ್ಲಿ ನಿಂತು ನೋಡಿದಳು. ಅವರ ಪುಸ್ತಕದಲ್ಲಿ ಭಾನುವಾರದ ಯುಪಿಐ ವ್ಯಾಪಾರ 18,400 ರೂಪಾಯಿ. ಸೋಮವಾರ ಬ್ಯಾಂಕಿಗೆ ಬಂದದ್ದು 16,950. ವ್ಯತ್ಯಾಸ 1,450 ರೂಪಾಯಿ ರಾತ್ರಿ ಹತ್ತರ ನಂತರದ ವ್ಯಾಪಾರದ್ದು. ಕಂಪನಿಯ ಸಾಫ್ಟ್‌ವೇರ್‌ಗೆ ದಿನ ಮುಗಿಯುವುದು ರಾತ್ರಿ ಹತ್ತಕ್ಕೆ, ಬೇಕರಿಗೆ ದಿನ ಮುಗಿಯುವುದು ಬಾಗಿಲು ಹಾಕಿದಾಗ. ಹತ್ತರ ನಂತರದ ಹಣ ಮರುದಿನದ ಕಂತಿಗೆ ಸೇರುತ್ತಿತ್ತು. ಹಣ ಎಲ್ಲಿಯೂ ಹೋಗಿರಲಿಲ್ಲ, ಆದರೆ ಅದು ಎಲ್ಲಿದೆ ಎಂದು ಹೇಳುವ ಸಾಲು ಆ್ಯಪ್‌ನಲ್ಲಿ ಇರಲಿಲ್ಲ.

ಈಗ ಆಕೆಯ ಮುಂದೆ ಮೂರು ದಾರಿ. ಹತ್ತು ಗಂಟೆಯ ಗಡುವನ್ನು ಮಧ್ಯರಾತ್ರಿಗೆ ದೂಡಬಹುದು. ಆದರೆ ಬ್ಯಾಂಕಿಗೆ ಹೋಗಬೇಕಾದ ಫೈಲು ರಾತ್ರಿ ಹನ್ನೊಂದರೊಳಗೆ ಹೋಗಬೇಕು, ಗಡುವು ಸರಿದರೆ ಎಲ್ಲರ ಹಣವೂ ಒಂದು ದಿನ ತಡವಾಗುತ್ತದೆ. ಆ ಫೈಲು ಸಿದ್ಧಪಡಿಸುವ ಪ್ರೋಗ್ರಾಂ ಅನ್ನು ತಾನೇ ಬರೆದಿದ್ದರಿಂದ ಇದು ಆಕೆಗೆ ತಕ್ಷಣ ಗೊತ್ತಾಯಿತು. ಎರಡನೆಯದು, ಮಾರಾಟ ವಿಭಾಗದವರು ಕೇಳುತ್ತಿದ್ದ, ಗ್ರಾಫುಗಳಿಂದ ತುಂಬಿದ ಹೊಸ ವರದಿ ಪುಟ. ನೋಡಲು ಚೆಂದ, ಆದರೆ ಬೇಕರಿ ಮಾಲೀಕರ ಪ್ರಶ್ನೆಗೆ ಅದರಲ್ಲಿ ಉತ್ತರವಿಲ್ಲ. ಮೂರನೆಯದು, ಗಡುವನ್ನು ಮುಟ್ಟದೆ, ಲೆಕ್ಕವನ್ನು ಮಾತ್ರ ಅಂಗಡಿಯ ದಿನದ ಪ್ರಕಾರ ತೋರಿಸಿ, ಕೆಳಗೆ ‘ಇದರಲ್ಲಿ ಇಂದು ಬಂದದ್ದು 16,950, ನಾಳೆ ಬರುವುದು 1,450’ ಎಂದು ಒಂದು ಸಾಲು ಹಾಕುವುದು. ಆಕೆ ಮೂರನೆಯದನ್ನು ಆರಿಸಿದಳು. ಗ್ರಾಫುಗಳ ಪುಟವನ್ನು ಮುಂದಕ್ಕೆ ಹಾಕಲು ಮಾರಾಟ ವಿಭಾಗವನ್ನು ಒಪ್ಪಿಸಿದಳು. ಪುಟವನ್ನು ಎರಡು ಸೆಕೆಂಡಿಗೆ ಇಳಿಸುವ ಕೆಲಸ ಅರ್ಧದಲ್ಲೇ ನಿಂತಿತು, ನಾಲ್ಕು ಸೆಕೆಂಡ್ ಸಾಕು ಎಂದು ಮ್ಯಾನೇಜರ್‌ಗೆ ವಿವರಿಸಿದಳು.

ಅಳೆಯುವ ವಿಷಯ ಬಂದಾಗ ಆಕೆ ಇನ್ನೊಂದು ಒಳ್ಳೆಯ ಕೆಲಸ ಮಾಡಿದಳು. ಹೊಸ ಸಾಲನ್ನು ಮೊದಲು ಮೈಸೂರಿನ ಅಂಗಡಿಗಳಿಗೆ ಮಾತ್ರ ಕೊಡಲಾಯಿತು. ಮೊದಲು ಸಾವಿರ ಅಂಗಡಿಗೆ ತಿಂಗಳಿಗೆ 42 ‘ಹಣ ಕಡಿಮೆ’ ದೂರು ಬರುತ್ತಿದ್ದುದು ಮೂರು ತಿಂಗಳಲ್ಲಿ 17ಕ್ಕೆ ಇಳಿಯಿತು. ಹೊಸ ಸಾಲು ಸಿಗದ ಊರುಗಳಲ್ಲಿ ಅದೇ ಅವಧಿಯಲ್ಲಿ 42 ಇದ್ದದ್ದು 38 ಆಯಿತು. ಅಂದರೆ ಇಳಿಕೆಯ ಸ್ವಲ್ಪ ಭಾಗ ಹೇಗೂ ಆಗುತ್ತಿತ್ತು, ದೊಡ್ಡ ಭಾಗ ಮಾತ್ರ ಈ ಬದಲಾವಣೆಯಿಂದ ಆದದ್ದು. ಸಾವಿರ ಅಂಗಡಿಗೆ ಎಷ್ಟು ಎಂದು ಲೆಕ್ಕ ಹಾಕಿದ್ದಕ್ಕೂ ಕಾರಣವಿದೆ. ಕಂಪನಿ ಬೆಳೆಯುತ್ತಿರುವಾಗ ಅಂಗಡಿಗಳ ಸಂಖ್ಯೆ ತಿಂಗಳಿಂದ ತಿಂಗಳಿಗೆ ಏರುತ್ತದೆ. ಒಟ್ಟು ದೂರುಗಳನ್ನಷ್ಟೇ ಎಣಿಸಿದರೆ ಸುಧಾರಣೆ ಆಗಿದ್ದರೂ ಕಾಣದೆ ಹೋಗಬಹುದು.

ಇಷ್ಟೆಲ್ಲ ಮಾಡಿದ ಆಕೆಯ ಅಬೌಟ್‌ನಲ್ಲಿ ಇದ್ದದ್ದು ಜಾವಾ, ಸ್ಪ್ರಿಂಗ್ ಬೂಟ್, ಕಾಫ್ಕಾ. ಆಕೆಯಂಥವರಿಗೆ ತಾವು ಆ ಮೂರು ತಿಂಗಳಲ್ಲಿ ಮಾಡಿದ್ದೇ ಪ್ರಾಡಕ್ಟ್ ಮ್ಯಾನೇಜರ್ ಕೆಲಸ ಎಂದು ಹೊಳೆದಿರುವುದಿಲ್ಲ. ಹುದ್ದೆಯ ಹೆಸರು ಬೇರೆ ಇತ್ತಲ್ಲ. ಹಾಗಾಗಿ ಇಂಥವರಿಗೆ ನಾನು ಮೊದಲು ಹೇಳುವುದು, ಬರೆಯಬೇಡಿ, ಹೇಳಿ. ಮನೆಯಲ್ಲಿ ಅಕ್ಕನಿಗೋ ಅಣ್ಣನಿಗೋ ವಿವರಿಸುವಂತೆ ಆ ಒಂದು ಕೆಲಸದ ಕಥೆಯನ್ನು ಕನ್ನಡದಲ್ಲಿ ಹೇಳಿ, ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಬೆಂಗಳೂರಿನಲ್ಲಿ ಅಬೌಟ್ ಅನ್ನು ಇಂಗ್ಲಿಷಿನಲ್ಲೇ ಬರೆಯಬೇಕಾಗುತ್ತದೆ, ನಿಜ. ಆದರೆ ನೇರವಾಗಿ ಇಂಗ್ಲಿಷಿನಲ್ಲಿ ಶುರು ಮಾಡಿದರೆ, ಕನ್ನಡ ಶಾಲೆಯಲ್ಲಿ ಓದಿ ಬಂದವರ ಕೈಗೆ ಮೊದಲು ಸಿಗುವುದು ನೂರು ಪ್ರೊಫೈಲುಗಳಲ್ಲಿ ಕಂಡ ಸಿದ್ಧ ವಾಕ್ಯಗಳು. ಮಾತಿನಲ್ಲಿ ಹೇಳುವಾಗ ಬೇಕರಿ ಬರುತ್ತದೆ, ಹತ್ತು ಗಂಟೆ ಬರುತ್ತದೆ, 1,450 ರೂಪಾಯಿ ಬರುತ್ತದೆ. ಉಳಿಸಿಕೊಳ್ಳಬೇಕಾದದ್ದು ಅವನ್ನೇ.

ಆ ಹೇಳಿಕೆಯಿಂದ ತೆಗೆದು ಬರೆದರೆ ಆಕೆಯ ಅಬೌಟ್ ಹೀಗಿರಬಹುದು. ಓದುಗರ ಅನುಕೂಲಕ್ಕೆ ಕನ್ನಡದಲ್ಲಿ ಕೊಟ್ಟಿದ್ದೇನೆ.

“ಸಣ್ಣ ಅಂಗಡಿಗಳ ಪೇಮೆಂಟ್ ಸಾಫ್ಟ್‌ವೇರ್ ಕಟ್ಟುವ ಇಂಜಿನಿಯರ್ ನಾನು, ಈಗ ಪ್ರಾಡಕ್ಟ್ ಮ್ಯಾನೇಜರ್ ಹುದ್ದೆಗೆ ಬರುತ್ತಿದ್ದೇನೆ. ‘ನಿನ್ನೆಯ ಹಣ ಕಡಿಮೆ ಬಂದಿದೆ’ ಎಂಬ ದೂರುಗಳನ್ನು ನಮ್ಮ ತಂಡ ಒಂದು ಊರಿನಲ್ಲಿ ಅರ್ಧಕ್ಕಿಂತ ಕೆಳಗೆ ಇಳಿಸಿತು, ಸೆಟಲ್‌ಮೆಂಟ್ ವ್ಯವಸ್ಥೆಯನ್ನು ಮುಟ್ಟದೆ.

“ನನಗೆ ವಹಿಸಿದ್ದು ಲೆಕ್ಕದ ಪುಟವನ್ನು ವೇಗಗೊಳಿಸುವ ಕೆಲಸ. ದೂರುಗಳನ್ನು ಓದಿ, ಅಂಗಡಿಯೊಂದರಲ್ಲಿ ರಾತ್ರಿ ಲೆಕ್ಕ ಮುಗಿಸುವುದನ್ನು ನೋಡಿದಾಗ ತೊಂದರೆ ವೇಗದ್ದಲ್ಲ ಎಂದು ತಿಳಿಯಿತು. ನಮ್ಮ ದಿನ ರಾತ್ರಿ ಹತ್ತಕ್ಕೆ ಮುಗಿಯುತ್ತಿತ್ತು, ಅಂಗಡಿಯವರ ದಿನ ಆಮೇಲೆ ಮುಗಿಯುತ್ತಿತ್ತು. ಗಡುವು ಬದಲಿಸಿದರೆ ಎಲ್ಲರ ಹಣವೂ ತಡವಾಗುವ ಅಪಾಯವಿತ್ತು. ಹಾಗಾಗಿ ಲೆಕ್ಕವನ್ನು ಅಂಗಡಿಯ ದಿನದ ಪ್ರಕಾರ ತೋರಿಸಿ, ನಾಳೆ ಬರುವ ಹಣವನ್ನು ಬೇರೆ ಸಾಲಿನಲ್ಲಿ ಹಾಕುವ ಪ್ರಸ್ತಾಪ ಮುಂದಿಟ್ಟೆ. ಇದಕ್ಕಾಗಿ ಹೊಸ ವರದಿ ಪುಟವೊಂದನ್ನು ಮುಂದೂಡಬೇಕಾಯಿತು, ಅದನ್ನು ಕೇಳಿದ್ದ ಮಾರಾಟ ವಿಭಾಗದವರ ಜೊತೆ ಕುಳಿತು ಒಪ್ಪಿಗೆ ಪಡೆದೆ. ವಿನ್ಯಾಸ ಮತ್ತು ಆ್ಯಪ್ ಕೆಲಸ ಮಾಡಿದವರು ನನ್ನ ಮೂವರು ಸಹೋದ್ಯೋಗಿಗಳು. ಹೊಸ ಸಾಲು ಕೊಡದ ಊರುಗಳಿಗೆ ಹೋಲಿಸಿ ಫಲಿತಾಂಶ ಅಳೆದೆವು.

“ನನ್ನ ಹುದ್ದೆ ಸೀನಿಯರ್ ಇಂಜಿನಿಯರ್. ಕಳೆದ ಎರಡು ವರ್ಷಗಳಲ್ಲಿ ಬಳಕೆದಾರರನ್ನು ಭೇಟಿಯಾಗುವುದು, ಅಗತ್ಯಗಳನ್ನು ಬರೆದಿಡುವುದು, ಯಾವ ಕೆಲಸ ಮೊದಲು ಎಂದು ತಂಡದ ಜೊತೆ ನಿರ್ಧರಿಸುವುದು ನನ್ನ ಕೆಲಸದ ಭಾಗವಾಗಿದೆ. ಬೆಲೆ ನಿಗದಿ ಮತ್ತು ಮಾರುಕಟ್ಟೆಗೆ ಬಿಡುಗಡೆಯ ಹೊಣೆ ನಾನು ಇನ್ನೂ ಹೊತ್ತಿಲ್ಲ. ಪೇಮೆಂಟ್ ಅಥವಾ ಸಣ್ಣ ವ್ಯಾಪಾರಿಗಳಿಗೆ ಸಾಲ ಕೊಡುವ ಕಂಪನಿಗಳಲ್ಲಿ, ಇಂಜಿನಿಯರುಗಳ ಜೊತೆ ಹತ್ತಿರದಿಂದ ದುಡಿಯುವ ಪ್ರಾಡಕ್ಟ್ ಮ್ಯಾನೇಜರ್ ಹುದ್ದೆ ಹುಡುಕುತ್ತಿದ್ದೇನೆ. ಊರು ಬೆಂಗಳೂರು.”

ಮೊದಲ ಎರಡು ವಾಕ್ಯ ‘ಇನ್ನಷ್ಟು’ ಒತ್ತುವ ಮೊದಲೇ ಕಾಣುವವು. ಕ್ಷೇತ್ರ, ಈಗಿನ ಹುದ್ದೆ, ಹೋಗಬೇಕಾದ ಹುದ್ದೆ, ಒಂದು ಫಲಿತಾಂಶ, ಎಲ್ಲ ಅಲ್ಲೇ ಇದೆ. ‘ಪ್ರಾಡಕ್ಟ್ ಮ್ಯಾನೇಜರ್’ ಎಂದು ಪೂರ್ತಿ ಬರೆದದ್ದನ್ನೂ ಗಮನಿಸಿ. ‘ಪಿಎಂ’ ಎಂದು ಮಾತ್ರ ಬರೆದರೆ ಅದು ಪ್ರಾಜೆಕ್ಟ್ ಮ್ಯಾನೇಜರೂ ಆಗಬಹುದು, ಪ್ರೋಗ್ರಾಂ ಮ್ಯಾನೇಜರೂ ಆಗಬಹುದು. ನಮ್ಮಲ್ಲಿ ಸರ್ವಿಸ್ ಕಂಪನಿಗಳಿಂದ ಬಂದವರಿಗೆ ಪಿಎಂ ಎಂದರೆ ಮೊದಲು ನೆನಪಾಗುವುದು ಗಡುವು ಮತ್ತು ಬಜೆಟ್ ನೋಡಿಕೊಳ್ಳುವ ಪ್ರಾಜೆಕ್ಟ್ ಮ್ಯಾನೇಜರ್. 220 ಅಕ್ಷರಗಳ ಹೆಡ್‌ಲೈನಿನಲ್ಲೂ ಇದನ್ನು ಪೂರ್ತಿ ಬರೆಯಬೇಕು, ಏಕೆಂದರೆ ಪಟ್ಟಿಯಲ್ಲಿ ಕಾಣುವುದು ಅದೇ.

ಅದೇ ಕಸುಬಿನವರು ಈ ಬರಹದಲ್ಲಿ ಹೆಚ್ಚು ಹೊತ್ತು ನಿಲ್ಲುವುದು ಮುಂದೂಡಿದ ವರದಿ ಪುಟದ ಮೇಲೆ. ಕಟ್ಟಿದ್ದನ್ನು ಎಲ್ಲರೂ ಹೇಳುತ್ತಾರೆ. ಕಟ್ಟದೆ ಬಿಟ್ಟದ್ದನ್ನು, ಯಾರ ಬೇಡಿಕೆಗೆ ಇಲ್ಲ ಎಂದದ್ದನ್ನು, ಏಕೆ ಎಂದದ್ದನ್ನು ಹೇಳಬಲ್ಲವರು ಕಡಿಮೆ. ಇಲ್ಲ ಎನ್ನುವುದು ಈ ಹುದ್ದೆಯ ದಿನನಿತ್ಯದ ಕೆಲಸವಾದ್ದರಿಂದ ಆ ಒಂದು ವಾಕ್ಯಕ್ಕೆ ಬೇರೆ ಯಾವುದಕ್ಕೂ ಇಲ್ಲದ ತೂಕವಿದೆ. ಸಂದರ್ಶನದಲ್ಲಿ ಮೊದಲ ಪ್ರಶ್ನೆ ಅಲ್ಲಿಂದಲೇ ಬರುವ ಸಾಧ್ಯತೆ ಹೆಚ್ಚು. “ಮಾರಾಟದವರನ್ನು ಹೇಗೆ ಒಪ್ಪಿಸಿದಿರಿ? ಅವರು ಒಪ್ಪದಿದ್ದರೆ?” ಆಕೆಗೆ ಉತ್ತರ ಗೊತ್ತಿರುವ ಪ್ರಶ್ನೆ ಅದು.

ಇಂಜಿನಿಯರ್ ಆಗಿದ್ದ ವರ್ಷಗಳು ವ್ಯರ್ಥವಲ್ಲ ಎಂದು ತೋರಿಸುವುದು ಗಡುವಿನ ವಾಕ್ಯ. ಬೇರೆ ಹಿನ್ನೆಲೆಯಿಂದ ಬಂದ ಪ್ರಾಡಕ್ಟ್ ಮ್ಯಾನೇಜರ್ ಒಬ್ಬರು ಗಡುವನ್ನು ಮಧ್ಯರಾತ್ರಿಗೆ ಸರಿಸಲು ಕೇಳಿ, ಅದು ಏಕೆ ಆಗದು ಎಂದು ತಿಳಿಯಲು ಎರಡು ವಾರ ಸಭೆಗಳಲ್ಲಿ ಕುಳಿತಿರಬಹುದಿತ್ತು. ಈಕೆಗೆ ಅದು ಮೊದಲೇ ಗೊತ್ತಿತ್ತು. ತಂತ್ರಜ್ಞಾನದ ಅರಿವು ಒಂದು ತೀರ್ಮಾನವನ್ನು ಹೇಗೆ ಬದಲಿಸಿತು ಎಂದು ಹೀಗೆ ತೋರಿಸಿದರೆ, ಹತ್ತು ಸಾಫ್ಟ್‌ವೇರ್‌ಗಳ ಹೆಸರು ಪಟ್ಟಿ ಮಾಡುವ ಅಗತ್ಯವಿಲ್ಲ. ಅವು ‘ಸ್ಕಿಲ್ಸ್’ ವಿಭಾಗದಲ್ಲಿರಲಿ. ಅಬೌಟ್‌ನಲ್ಲಿ ಅವುಗಳ ದಂಡು ಕಟ್ಟಿದರೆ ಆಗುವುದೇನೆಂದರೆ, ಜಾವಾ ಎಂದು ಹುಡುಕಿದವರಿಗೆ ನೀವು ಸಿಗುತ್ತೀರಿ, ಬರುವ ಕರೆಗಳೆಲ್ಲ ಬ್ಯಾಕೆಂಡ್ ಲೀಡ್ ಹುದ್ದೆಯವು.

‘ನಾನು’, ‘ನಾವು’ ಎಲ್ಲಿ ಯಾವುದು ಬರಬೇಕೆಂಬುದು ಸೂಕ್ಷ್ಮ. ನಮ್ಮಲ್ಲಿ ‘ನಾನು ಮಾಡಿದೆ’ ಎನ್ನಲು ಬಹಳ ಜನರಿಗೆ ಸಂಕೋಚ. ಎಲ್ಲವನ್ನೂ ‘ನಾವು’ ಎಂದು ಬರೆದರೆ ಓದುವವರಿಗೆ ನಿಮ್ಮ ಪಾಲು ಯಾವುದೆಂದು ತಿಳಿಯದು. ಎಲ್ಲವನ್ನೂ ‘ನಾನು’ ಎಂದರೆ ಅದೇ ತಂಡದಲ್ಲಿದ್ದವರು ಓದಿ ಹುಬ್ಬು ಏರಿಸುತ್ತಾರೆ, ಮತ್ತು ಅವರು ಖಂಡಿತ ಓದುತ್ತಾರೆ. ಪ್ರಸ್ತಾಪ ಮುಂದಿಟ್ಟೆ, ಒಪ್ಪಿಗೆ ಪಡೆದೆ ಎಂಬುದು ‘ನಾನು’. ಇಳಿಸಿತು, ಅಳೆದೆವು ಎಂಬುದು ತಂಡದ್ದು. ಇದನ್ನು ಪರೀಕ್ಷಿಸಲು ಸುಲಭ ದಾರಿಯೊಂದಿದೆ. ಪ್ರಕಟಿಸುವ ಮೊದಲು ಆ ಮೂವರಲ್ಲಿ ಒಬ್ಬರಿಗೆ ಓದಲು ಕೊಡಿ. ಅವರು ಒಂದು ಕ್ರಿಯಾಪದಕ್ಕೆ ತಡೆದು “ಇದು ಹೀಗೇ ಆಗಿತ್ತಾ?” ಎಂದರೆ ಆ ಕ್ರಿಯಾಪದ ಬದಲಾಗಬೇಕು. ನಾಳೆ ಹೊಸ ಕಂಪನಿಯವರು ವಿಚಾರಿಸಲು ಕರೆ ಮಾಡುವುದು ಇಂಥ ಸಹೋದ್ಯೋಗಿಗೇ.

ಹುದ್ದೆಯ ಹೆಸರನ್ನು ಇದ್ದಂತೆ ಬರೆದದ್ದಕ್ಕೂ ಗಟ್ಟಿ ಕಾರಣವಿದೆ. ಜರಡಿಯಲ್ಲಿ ಬೀಳಲೆಂದು ಈಗಿನ ಹುದ್ದೆಯನ್ನೇ ‘ಪ್ರಾಡಕ್ಟ್ ಮ್ಯಾನೇಜರ್’ ಎಂದು ತಿದ್ದಿಕೊಳ್ಳುವವರಿದ್ದಾರೆ. ಕೆಲಸ ಕೊಡುವ ಮೊದಲೋ ಕೊಟ್ಟ ಮೇಲೋ ಕಂಪನಿಗಳು ಹಿನ್ನೆಲೆ ಪರಿಶೀಲನೆ ಮಾಡಿಸುತ್ತವೆ. ಅನುಭವ ಪತ್ರ, ರಿಲೀವಿಂಗ್ ಲೆಟರ್‌ಗಳಲ್ಲಿ ಹುದ್ದೆ ಇದ್ದಂತೆಯೇ ಇರುತ್ತದೆ. ಅಲ್ಲಿ ಸೀನಿಯರ್ ಇಂಜಿನಿಯರ್, ಇಲ್ಲಿ ಪ್ರಾಡಕ್ಟ್ ಮ್ಯಾನೇಜರ್ ಎಂದಿದ್ದರೆ ಕೈಗೆ ಬಂದ ಆಫರ್ ಜಾರಬಹುದು. ಮಾಡಿದ ಕೆಲಸವನ್ನು ಧೈರ್ಯವಾಗಿ ಹೇಳಿ, ಹುದ್ದೆಯನ್ನು ಇದ್ದಂತೆ ಹೇಳಿದರೆ ಈ ಭಯವಿಲ್ಲ. ‘ಬೆಲೆ ನಿಗದಿಯ ಹೊಣೆ ಇನ್ನೂ ಹೊತ್ತಿಲ್ಲ’ ಎಂಬ ವಾಕ್ಯವನ್ನು ತೆಗೆದುಬಿಡಿ ಎಂದು ಹಲವರು ಹೇಳುತ್ತಾರೆ. ನಾನು ಉಳಿಸಿ ಎನ್ನುತ್ತೇನೆ. ಇಂಜಿನಿಯರ್ ಒಬ್ಬರು ಬೆಲೆ ನಿಗದಿ ಮಾಡಿರಲಾರರು ಎಂದು ಓದುವವರಿಗೆ ಹೇಗೂ ಗೊತ್ತು. ಅದನ್ನು ನೀವೇ ಹೇಳಿದಾಗ, ಉಳಿದ ಹೇಳಿಕೆಗಳನ್ನು ಅವರು ನಂಬುತ್ತಾರೆ. ಅದರ ಜೊತೆಗೆ ಇದು ಒಳ್ಳೆಯ ಜರಡಿ ಕೂಡ. ಬೆಲೆ ನಿಗದಿಯೇ ಮುಖ್ಯವಾದ ಹುದ್ದೆಯವರು ನಿಮ್ಮ ಸಮಯ ತೆಗೆದುಕೊಳ್ಳುವುದಿಲ್ಲ.

ಅಂಕಿಗಳ ವಿಷಯದಲ್ಲಿ ಎಚ್ಚರ ಬೇಕು. ಆಕೆಯ ಅಬೌಟ್‌ನಲ್ಲಿ 42, 17 ಇಲ್ಲ, ಬೇಕರಿಯ ಊರಿನ ಹೆಸರೂ ಇಲ್ಲ. ಎಷ್ಟು ದೂರು ಬರುತ್ತದೆ, ಎಷ್ಟು ಅಂಗಡಿಗಳಿವೆ ಎಂಬುದು ಕಂಪನಿಯ ಒಳಗಿನ ಮಾಹಿತಿ. ಕೆಲಸಕ್ಕೆ ಸೇರುವಾಗ ಸಹಿ ಮಾಡಿದ ಗೋಪ್ಯತೆಯ ಕರಾರು ಅದಕ್ಕೆ ಅನ್ವಯಿಸುತ್ತದೆ. ‘ಅರ್ಧಕ್ಕಿಂತ ಕೆಳಗೆ’ ಎಂಬ ಪ್ರಮಾಣದಿಂದ ಎದುರಾಳಿ ಕಂಪನಿಗೆ ಒಟ್ಟು ವ್ಯವಹಾರದ ಅಂದಾಜು ಸಿಗುವುದಿಲ್ಲ, ಓದುವವರಿಗೆ ಬೇಕಾದ್ದು ಸಿಗುತ್ತದೆ. ಆದರೂ ಇದನ್ನು ಹಾಕಬಹುದೇ ಎಂದು ಮ್ಯಾನೇಜರ್‌ನ ಒಂದು ಮಾತು ಕೇಳುವುದು ಒಳ್ಳೆಯದು. ಪ್ರಮಾಣವನ್ನೂ ಹೇಳಬಾರದೆಂದಾದರೆ ‘ದೂರುಗಳು ಗಮನಾರ್ಹವಾಗಿ ಇಳಿದವು’ ಎಂಬ ಸಪ್ಪೆ ಮಾತಿಗಿಂತ, ಹೇಗೆ ಅಳೆದೆವು ಎಂಬ ವಾಕ್ಯವನ್ನು ಗಟ್ಟಿ ಮಾಡಿ. ಹೊಸ ಸಾಲು ಕೊಡದ ಊರುಗಳ ಜೊತೆ ಹೋಲಿಸಿದರು ಎಂಬುದನ್ನು ಓದಿದ ಪ್ರಾಡಕ್ಟ್ ಮ್ಯಾನೇಜರ್‌ಗೆ, ಇವರಿಗೆ ಅಳೆಯಲು ಬರುತ್ತದೆ ಎಂದು ಅಂಕಿ ಇಲ್ಲದೆಯೂ ಗೊತ್ತಾಗುತ್ತದೆ.

ಈಗಿನ ಕಂಪನಿಯಲ್ಲಿ ಇದ್ದುಕೊಂಡೇ ‘ಹುಡುಕುತ್ತಿದ್ದೇನೆ’ ಎಂದು ಬರೆಯಬಹುದೇ? ಲಿಂಕ್ಡ್‌ಇನ್‌ನಲ್ಲಿ ಕೆಲಸ ಹುಡುಕುತ್ತಿರುವುದನ್ನು ರಿಕ್ರೂಟರ್‌ಗಳಿಗೆ ಮಾತ್ರ ಕಾಣುವಂತೆ ಇಡುವ ವ್ಯವಸ್ಥೆಯಿದೆ. ನಿಮ್ಮದೇ ಕಂಪನಿಯ ರಿಕ್ರೂಟರ್‌ಗಳಿಂದ ಅದನ್ನು ಮರೆಮಾಡಲು ಲಿಂಕ್ಡ್‌ಇನ್ ಪ್ರಯತ್ನಿಸುತ್ತದೆ, ಪೂರ್ತಿ ಖಾತರಿ ಮಾತ್ರ ಕೊಡುವುದಿಲ್ಲ. ಅಬೌಟ್ ಅಂತೂ ಎಲ್ಲರಿಗೂ ಕಾಣುವಂಥದ್ದು. ಮ್ಯಾನೇಜರ್‌ಗೆ ಇನ್ನೂ ಹೇಳಿಲ್ಲವಾದರೆ ಕೊನೆಯ ಎರಡು ವಾಕ್ಯ ಬಿಟ್ಟು, ಮೊದಲ ವಾಕ್ಯದ ‘ಬರುತ್ತಿದ್ದೇನೆ’ ಎಂಬುದನ್ನು ‘ಪ್ರಾಡಕ್ಟ್ ಕೆಲಸದ ಕಡೆಗೆ ಹೆಚ್ಚು ವಾಲಿದ್ದೇನೆ’ ಎಂದು ಬದಲಿಸಿದರೆ ಸಾಕು. ಆದರೆ ಮ್ಯಾನೇಜರ್‌ಗೆ ಹೇಳುವುದರಲ್ಲಿ ಲಾಭವೇ ಹೆಚ್ಚೆಂಬುದು ನನ್ನ ಅನಿಸಿಕೆ. ಹುದ್ದೆಯ ಹೆಸರು ಇಲ್ಲದವರಿಗೆ ಮೊದಲ ಅವಕಾಶ ಸಿಗುವುದು ಅವರ ಕೆಲಸವನ್ನು ಕಣ್ಣಾರೆ ಕಂಡಿರುವ ಜಾಗದಲ್ಲಿ ಸುಲಭ. ಮೇಲಿನ ಬರಹವನ್ನೇ ಎರಡು ಪುಟಕ್ಕೆ ಬೆಳೆಸಿ, ಅಂಕಿಗಳನ್ನೂ ಸೇರಿಸಿ ತನ್ನ ಕಂಪನಿಯ ಪ್ರಾಡಕ್ಟ್ ಮುಖ್ಯಸ್ಥರಿಗೆ ಕೊಟ್ಟರೆ ಅಲ್ಲಿ ಗೋಪ್ಯತೆಯ ಅಡ್ಡಿಯೂ ಇಲ್ಲ.

ಬರಹ ಕೆಲಸ ಮಾಡುತ್ತಿದೆಯೇ ಎಂದು ತಿಳಿಯಲು ಹೊಗಳಿಕೆಯನ್ನು ನೋಡಬೇಡಿ, ಬರುವ ಸಂದೇಶಗಳನ್ನು ನೋಡಿ. ಎಷ್ಟು ಜನ ಪ್ರೊಫೈಲ್ ನೋಡಿದರು, ಹುಡುಕಾಟದಲ್ಲಿ ನೀವು ಎಷ್ಟು ಸಲ ಕಂಡಿರಿ ಎಂದು ಲಿಂಕ್ಡ್‌ಇನ್ ತೋರಿಸುತ್ತದೆ, ಆದರೆ ಆ ಸಂಖ್ಯೆ ಏರಿದ ಮಾತ್ರಕ್ಕೆ ಖುಷಿ ಪಡುವಂಥದ್ದೇನಿಲ್ಲ. ನೋಡಬೇಕಾದದ್ದು, ಬಂದ ಸಂದೇಶಗಳು ಯಾವ ಹುದ್ದೆಯವು ಎಂಬುದನ್ನು. ಬ್ಯಾಕೆಂಡ್ ಲೀಡ್ ಹುದ್ದೆಯ ಸಂದೇಶಗಳೇ ಬರುತ್ತಿದ್ದರೆ ಹೆಡ್‌ಲೈನ್ ಮತ್ತು ಸ್ಕಿಲ್ಸ್ ಇನ್ನೂ ಹಳೆಯ ಕೆಲಸವನ್ನೇ ಹೇಳುತ್ತಿವೆ ಎಂದರ್ಥ. ಪ್ರಾಜೆಕ್ಟ್ ಮ್ಯಾನೇಜರ್ ಹುದ್ದೆಯವು ಬರುತ್ತಿದ್ದರೆ ಬರಹದಲ್ಲಿ ಗಡುವು, ಸಮನ್ವಯ, ಬಿಡುಗಡೆ ಇಂಥವು ಹೆಚ್ಚಾಗಿ, ಆಯ್ಕೆಯ ಮಾತು ಕಡಿಮೆಯಾಗಿದೆ. ಪ್ರಾಡಕ್ಟ್ ಹುದ್ದೆಗೆ ಕರೆ ಬಂದು ಮೊದಲ ಸುತ್ತಿನಲ್ಲೇ ನಿಲ್ಲುತ್ತಿದ್ದರೆ ತೊಂದರೆ ಅಬೌಟ್‌ನದಲ್ಲ, ಅಲ್ಲಿ ಬರೆದ ಕಥೆಯನ್ನು ಎರಡನೆಯ, ಮೂರನೆಯ ಪ್ರಶ್ನೆಯವರೆಗೆ ಹೇಳಲು ಆಗುತ್ತಿಲ್ಲ ಎಂದು ತಿಳಿಯಬೇಕು.

ಇನ್ನು, ಬೇಕರಿಯಂಥ ಕಥೆ ಒಂದೂ ಇಲ್ಲದವರು ಏನು ಮಾಡಬೇಕು? ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಬಳಕೆದಾರರನ್ನು ಕಂಡಿಲ್ಲ, ವಹಿಸಿದ್ದನ್ನು ಚೆನ್ನಾಗಿ ಮುಗಿಸಿದ್ದಾರೆ, ಅಷ್ಟೇ. ದೊಡ್ಡ ಕಂಪನಿಗಳಲ್ಲಿ ಇದು ಸಾಮಾನ್ಯ, ನಾಚಿಕೆಯ ಮಾತಲ್ಲ. ಅಂಥವರು ಅಬೌಟ್ ಬರೆಯುವುದನ್ನು ಆರು ತಿಂಗಳು ಮುಂದೂಡಲಿ ಎನ್ನುತ್ತೇನೆ. ಸಹಾಯವಾಣಿಯ ದೂರುಗಳನ್ನು ಓದಲು ಹೆಚ್ಚಿನ ಕಂಪನಿಗಳಲ್ಲಿ ಇಂಜಿನಿಯರುಗಳಿಗೆ ಅನುಮತಿ ಕಷ್ಟವಿಲ್ಲ. ವಾರಕ್ಕೊಂದು ಗಂಟೆ ಓದಿದರೆ, ಪದೇ ಪದೇ ಬರುವ ಒಂದು ದೂರು ಕೆಲವೇ ವಾರಗಳಲ್ಲಿ ಕಾಣಿಸಿಕೊಳ್ಳುತ್ತದೆ. ಆ ದೂರು ಕೊಟ್ಟವರಲ್ಲಿ ಒಬ್ಬರ ಜೊತೆ ಮಾತಾಡಿ, ಒಂದು ಪುಟದ ಪ್ರಸ್ತಾಪ ಬರೆದು ತಂಡದ ಪ್ರಾಡಕ್ಟ್ ಮ್ಯಾನೇಜರ್ ಮುಂದೆ ಇಡಬಹುದು. ಅವರು ಬೇಡ ಎಂದರೂ ಏಕೆ ಬೇಡ ಎಂದು ಕೇಳಿ ಬರೆದಿಟ್ಟುಕೊಳ್ಳಿ. ಬೇರೆ ಯಾವ ಕೆಲಸ ಅದಕ್ಕಿಂತ ಮುಂದಿದೆ, ಯಾವ ಅಂಕಿ ನೋಡಿ ಹಾಗೆಂದರು ಎಂಬುದು ಅವರ ಉತ್ತರದಲ್ಲಿರುತ್ತದೆ. ಎರಡನೆಯ ಪ್ರಸ್ತಾಪ ಬರೆಯುವಾಗ ಮೊದಲ ಸಾಲಿನಲ್ಲೇ ಆ ಅಂಕಿ ಬರಲಿ.